‘ಯುಬಿಕ್ವಿಟಸ್’ ಪದವನ್ನು ನಾಚಿಕೆಯ ವಿದ್ಯಾರ್ಥಿಗೆ ಕಲಿಸುವುದು ಹೇಗೆ? ಒಂದು ಪಾಠ, ಮಾತುಕತೆಯ ಸಮೇತ

ನನ್ನ ಹತ್ತಿರ ಇಂಗ್ಲಿಷ್ ಪಾಠಕ್ಕೆ ಬರುವ ಒಬ್ಬಳು ಹೈಸ್ಕೂಲ್ ಹುಡುಗಿ ಇದ್ದಾಳೆ. ಮಾತು ತುಂಬಾ ಕಡಿಮೆ. ಒಂದು ದಿನ ಅವಳ ಪುಸ್ತಕದಲ್ಲಿ ಯುಬಿಕ್ವಿಟಸ್ ಅನ್ನುವ ಪದದ ಕೆಳಗೆ ಪೆನ್ಸಿಲ್ ಗೆರೆ ಕಂಡಿತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಸರ್ವವ್ಯಾಪಿ’ ಎಂದು ಬರೆದುಕೊಂಡಿದ್ದಳು. “ಅರ್ಥ ಗೊತ್ತಾಯ್ತಾ?” ಎಂದೆ. ತಲೆ ಆಡಿಸಿದಳು. “ಹಾಗಾದರೆ ಒಂದು ವಾಕ್ಯ ಬರಿ” ಎಂದೆ. ತುಂಬಾ ಹೊತ್ತು ಯೋಚಿಸಿ ‘ಗಾಡ್ ಈಸ್ ಯುಬಿಕ್ವಿಟಸ್’ ಎಂದು ಬರೆದಳು. ಇನ್ನೊಂದು ವಾಕ್ಯ ಕೇಳಿದರೆ ಮೌನ.

ಅವಳು ಬರೆದದ್ದರಲ್ಲಿ ವ್ಯಾಕರಣ ತಪ್ಪಿಲ್ಲ. ಆದರೆ ನಿಘಂಟು ಕೊಟ್ಟ ಕನ್ನಡ ಪದವನ್ನು ನಾವು ಬಳಸುವುದು ದೇವರ ವಿಷಯಕ್ಕೇ ಜಾಸ್ತಿ, ಅಲ್ವಾ? ಹಾಗಾಗಿ ಇಂಗ್ಲಿಷ್ ಪದವೂ ಅವಳ ಮನಸ್ಸಿನಲ್ಲಿ ಅಲ್ಲೇ ಕೂತುಬಿಟ್ಟಿತ್ತು. ಇಂಗ್ಲಿಷಿನವರು ಇದೇ ಪದವನ್ನು ಮೊಬೈಲಿಗೆ, ಪ್ಲಾಸ್ಟಿಕ್ಕಿಗೆ, ಜಾಹೀರಾತಿಗೆ ದಿನವೂ ಬಳಸುತ್ತಾರೆ. ಆ ಪದವನ್ನು ಅವಳ ಸುತ್ತಲಿನ ಸಾಮಾನಿನ ನಡುವೆ ತಂದು ಕೂರಿಸಬೇಕಿತ್ತು. ಅದಕ್ಕೆ ನಲವತ್ತು ನಿಮಿಷದ ಒಂದು ಪಾಠ ಸಾಕಾಯಿತು. ಅದನ್ನು ಹೇಗೆ ಮಾಡಿದೆ, ಎಲ್ಲಿ ಎಡವಿದೆವು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರು ಮಾಡುವ ಮುಂಚೆ

ಎದುರು ಕೂರಬೇಡಿ, ಪಕ್ಕದಲ್ಲಿ ಕೂರಿ. ಇಬ್ಬರ ಕಣ್ಣೂ ಒಂದೇ ಕಾಗದದ ಮೇಲಿದ್ದರೆ ಮುಖ ನೋಡಿ ಉತ್ತರ ಹೇಳುವ ಕಷ್ಟ ಮಗುವಿಗಿರುವುದಿಲ್ಲ. ಒಂದು ಹಾಳೆ, ಎರಡು ಪೆನ್ಸಿಲ್, ಏಳೆಂಟು ಚಿಕ್ಕ ಚೀಟಿ ಸಾಕು. ಅರ್ಥವನ್ನು ಮೊದಲೇ ಹೇಳಬೇಡಿ. “ಅರ್ಥ ಆಯ್ತಾ?” ಎಂಬ ಪ್ರಶ್ನೆಯನ್ನೂ ಅವತ್ತಿಗೆ ಬಿಟ್ಟುಬಿಡಿ. ನಾಚಿಕೆಯ ಮಕ್ಕಳು ಅದಕ್ಕೆ ಯಾವಾಗಲೂ ಹೂಂ ಅಂತಲೇ ಅನ್ನುತ್ತಾರೆ. ಹೂಂ ಅಂದರೆ ಮಾತು ಅಲ್ಲಿಗೆ ಮುಗಿಯುತ್ತದೆ ಎಂದು ಅವರಿಗೆ ಗೊತ್ತು.

ಹಂತ 1: ಮೊದಲು ನಾಲಿಗೆಗೆ

ಪದ ಬಾಯಿಗೆ ಬಾರದಿದ್ದರೆ ಮಗು ಅದನ್ನು ಬಳಸುವುದೇ ಇಲ್ಲ. ಯುಬಿಕ್ವಿಟಸ್‌ನಲ್ಲಿ ನಾಲ್ಕು ತುಂಡುಗಳಿವೆ: ಯು, ಬಿ, ಕ್ವಿ, ಟಸ್. ಒತ್ತು ಬೀಳುವುದು ಎರಡನೆಯದರ ಮೇಲೆ, ಅಂದರೆ ‘ಬಿ’ ಮೇಲೆ. ಕನ್ನಡ ಮಾತಾಡುವ ನಾವು ಸಾಮಾನ್ಯವಾಗಿ ಮೊದಲ ಅಕ್ಷರವನ್ನೇ ಒತ್ತುತ್ತೇವೆ. ‘ಉಬಿಕ್ವಿಟಸ್’, ‘ಯುಬಿಕ್ಯೂಟಸ್’ ಅನ್ನುವವರೂ ಇದ್ದಾರೆ.

ಉದ್ದದ ಪದವನ್ನು ಹಿಂದಿನಿಂದ ಕಟ್ಟುತ್ತಾ ಬಂದರೆ ಸುಲಭ. ಕೊನೆಯ ತುಂಡಿನಿಂದ ಶುರು ಮಾಡಿ, ಮುಂದಕ್ಕೆ ಒಂದೊಂದೇ ಸೇರಿಸಬೇಕು. ಹೀಗೆ ಮಾಡಿದಾಗ ಪ್ರತಿ ಸಲವೂ ಆಗಲೇ ಅಭ್ಯಾಸವಾದ ಕಡೆಗೆ ನಾಲಿಗೆ ಹೋಗುತ್ತದೆ, ಮಧ್ಯದಲ್ಲಿ ತಡವರಿಸುವುದಿಲ್ಲ.

“ನನ್ನ ಜೊತೆಗೇ ಹೇಳು, ಮೆಲ್ಲಗೆ ಹೇಳಿದರೂ ಸರಿ. ಟಸ್.”

“ಟಸ್.”

“ಕ್ವಿಟಸ್.”

“ಕ್ವಿಟಸ್.”

“ಬಿಕ್ವಿಟಸ್. ಬಿ ಸ್ವಲ್ಪ ಜೋರು.”

“ಬಿಕ್ವಿಟಸ್.”

“ಈಗ ಮುಂದೆ ಒಂದು ಯು ಸೇರಿಸಿದರೆ?”

“ಯುಬಿಕ್ಯೂಟಸ್.”

ಇಲ್ಲಿ ನಾನು ‘ತಪ್ಪು’ ಅನ್ನಲಿಲ್ಲ. “ಯುಬಿಕ್ವಿಟಸ್, ಹೌದು. ನಡಿ, ಇನ್ನೊಂದು ಸಲ ಇಬ್ಬರೂ ಹೇಳೋಣ” ಎಂದು ಸರಿಯಾದ ರೂಪವನ್ನು ಅವಳ ಕಿವಿಗೆ ಹಾಕಿದೆ, ಅಷ್ಟೇ. ಜೊತೆಯಲ್ಲಿ ಹೇಳುವಾಗ ಅವಳ ದನಿ ನನ್ನ ದನಿಯ ಮರೆಯಲ್ಲಿರುತ್ತದೆ. ಮೂರನೇ ಸಲಕ್ಕೆ ನಾನು ದನಿ ತಗ್ಗಿಸಿದೆ. ಅವಳೊಬ್ಬಳೇ ಹೇಳುತ್ತಿದ್ದಳು, ಅದು ಅವಳ ಗಮನಕ್ಕೇ ಬರಲಿಲ್ಲ. ಸ್ಪೆಲಿಂಗ್‌ಗೆ ಜಾಸ್ತಿ ಹೊತ್ತು ಬೇಡ. ಕ್ಯೂ ಅಕ್ಷರದ ಹಿಂದೆಯೇ ಯು ಬರುತ್ತದೆ, ಎರಡೂ ಸೇರಿ ‘ಕ್ವ’ ಆಗುತ್ತದೆ. ಬಾಲ ಮಾತ್ರ ‘ಫೇಮಸ್’, ‘ಡೇಂಜರಸ್’ ಪದಗಳದ್ದೇ. ಇಷ್ಟು ತೋರಿಸಿದರೆ ಹತ್ತು ಅಕ್ಷರವೂ ನೆನಪಿರುತ್ತದೆ.

ಹಂತ 2: ಅರ್ಥಕ್ಕಿಂತ ಮುಂಚೆ ಉದಾಹರಣೆ

“ನಿನ್ನೆ ನೀನು ಹೋದ ನಾಲ್ಕು ಜಾಗ ಬರಿ. ನನಗೆ ಹೇಳಬೇಡ, ಸುಮ್ನೆ ಬರಿ.”

ಬರೆದಳು. ಮನೆ, ಬಸ್ಸು, ಕ್ಲಾಸು, ಲೈಬ್ರರಿ.

“ಈ ನಾಲ್ಕು ಕಡೆಯೂ ನಿನ್ನ ಕಣ್ಣಿಗೆ ಬಿದ್ದ ಸಾಮಾನು ಏನೇನು?”

ಈ ಪ್ರಶ್ನೆ ಕೇಳಿ ನಾನು ಬಾಯಿ ಮುಚ್ಚಿಕೊಂಡೆ. ಇದು ಕೇಳಿಸುವಷ್ಟು ಸುಲಭವಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಬರೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್ ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಈ ಹುಡುಗಿಗೆ ಮೂರು ಸಾಲದು. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಆ ಹೊತ್ತಿನಲ್ಲಿ ಅವಳ ಮುಖ ನೋಡುವುದಿಲ್ಲ, ನಾನೂ ನನ್ನ ಹಾಳೆಯ ಮೇಲೆ ಏನೋ ಬರೆಯುತ್ತಿರುತ್ತೇನೆ.

ಅವಳು ಪೆನ್ಸಿಲ್ ತುದಿಯಿಂದ ಹಾಳೆ ಮುಟ್ಟಿದಳು, ಎತ್ತಿದಳು, ಮತ್ತೆ ಮುಟ್ಟಿದಳು. ಆಮೇಲೆ ‘ಮೊಬೈಲ್’ ಎಂದು ಬರೆದಳು. ಅದರ ಕೆಳಗೆ ‘ಪ್ಲಾಸ್ಟಿಕ್’. ಸ್ವಲ್ಪ ಹೊತ್ತು ಬಿಟ್ಟು, ತುಂಬಾ ಸಣ್ಣದಾಗಿ, ‘ಧೂಳು’.

“ಧೂಳು ಯಾಕೆ ಬರೆದೆ?”

“ಬಸ್ ಕಿಟಕಿ ಮೇಲೆ ಇತ್ತು ಮೇಡಂ. ಲೈಬ್ರರಿ ಪುಸ್ತಕದ ಮೇಲೂ ಇತ್ತು.”

“ಮನೇಲಿ?”

“ಫ್ಯಾನ್ ಮೇಲೆ.”

“ಸರಿ. ಈಗ ಈ ಮೂರರ ಮುಂದೂ ನಾವು ಯುಬಿಕ್ವಿಟಸ್ ಅಂತ ಬರೆಯಬಹುದು. ಬರಿ. ಇನ್ನು ನೀನೇ ಹೇಳು, ಆ ಪದ ಏನು ಹೇಳ್ತಾ ಇದೆ?”

“ಎಲ್ಲಾ ಕಡೆ ಸಿಗೋದು?”

ಅರ್ಥ ಅವಳ ಬಾಯಿಂದಲೇ ಬಂತು. ಅದಕ್ಕೇ ಅರ್ಥವನ್ನು ಮೊದಲು ಹೇಳಬಾರದು ಎಂದದ್ದು. ಮೊದಲೇ ಹೇಳಿದ್ದರೆ ಅವಳು ಅದನ್ನು ಬರೆದುಕೊಂಡು ತಲೆ ಆಡಿಸುತ್ತಿದ್ದಳು.

ಹಂತ 3: ಪದದೊಳಗಿನ ಕನ್ನಡ

ಇದು ನನಗೆ ತುಂಬಾ ಇಷ್ಟವಾದ ಭಾಗ. ಕನ್ನಡ ಬಲ್ಲವರಿಗೆ ಈ ಪದ ಬೇರೆಯವರಿಗಿಂತ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ.

ಯುಬಿಕ್ವಿಟಸ್‌ನ ಬೇರು ಲ್ಯಾಟಿನ್ನಿನ ‘ಉಬೀಕ್ವೆ’. ಅದರಲ್ಲಿ ಎರಡು ತುಂಡುಗಳಿವೆ. ‘ಉಬಿ’ ಅಂದರೆ ಎಲ್ಲಿ. ‘ಕ್ವೆ’ ಅನ್ನುವುದು ಪದದ ಬಾಲಕ್ಕೆ ಅಂಟುವ ತುಣುಕು. ಲ್ಯಾಟಿನ್ನಿನಲ್ಲಿ ಎರಡು ಹೆಸರುಗಳನ್ನು ಜೋಡಿಸುವಾಗಲೂ ಅದನ್ನೇ ಹಚ್ಚುತ್ತಾರೆ. ನಾವು ‘ಅಕ್ಕನೂ ತಮ್ಮನೂ’ ಅನ್ನುವಾಗ ಹಚ್ಚುವ ‘ಊ’ ಇದ್ದ ಹಾಗೆ. ಅದೇ ‘ಊ’ ಪ್ರಶ್ನೆಯ ಪದಕ್ಕೆ ಅಂಟಿದರೆ ನಮ್ಮಲ್ಲಿ ಏನಾಗುತ್ತದೆ ನೋಡಿ. ‘ಎಲ್ಲಿ’ಗೆ ಅಂಟಿದರೆ ‘ಎಲ್ಲೂ’, ‘ಎಲ್ಲೆಲ್ಲಿ’ಗೆ ಅಂಟಿದರೆ ‘ಎಲ್ಲೆಲ್ಲೂ’. ಲ್ಯಾಟಿನ್ನಿನಲ್ಲೂ ಹಾಗೆಯೇ: ‘ಎಲ್ಲಿ’ ಅನ್ನುವುದಕ್ಕೆ ‘ಕ್ವೆ’ ಅಂಟಿ ‘ಎಲ್ಲೆಲ್ಲೂ’ ಆಯಿತು. ಎರಡೂ ಭಾಷೆಗಳಿಗೆ ನಂಟಿಲ್ಲ, ಆದರೂ ಪದ ಕಟ್ಟಿದ ಬಗೆ ಒಂದೇ.

ಹಾಳೆಯ ಮೇಲೆ ‘ಎಲ್ಲೆಲ್ಲಿ + ಊ’ ಎಂದು ಬರೆದು, ಅದರ ಕೆಳಗೆ ‘ಉಬಿ + ಕ್ವೆ’ ಎಂದು ಬರೆದೆ.

“ಮೇಲಿನದನ್ನು ಸೇರಿಸಿ ಓದು.”

“ಎಲ್ಲೆಲ್ಲೂ.”

“ಕೆಳಗಿನದು?”

“ಉಬಿಕ್ವೆ... ಯುಬಿಕ್ವಿಟಸ್!”

ಅವಳು ಮೊದಲ ಸಲ ದನಿ ಎತ್ತಿ ಮಾತಾಡಿದ್ದು ಆಗ. ನಿಘಂಟಿನ ‘ಸರ್ವವ್ಯಾಪಿ’ ಮಾಡದ ಕೆಲಸವನ್ನು ಅವಳದೇ ಮನೆಮಾತಿನ ‘ಎಲ್ಲೆಲ್ಲೂ’ ಮಾಡಿತು. ಒಂದು ಎಚ್ಚರ ಮಾತ್ರ ಬೇಕು. ಬರೀ ‘ಎಲ್ಲೂ’ ಅಂದರೆ ಸಾಮಾನ್ಯವಾಗಿ ಅದರ ಹಿಂದೆ ‘ಇಲ್ಲ’ ಬರುತ್ತದೆ: ಎಲ್ಲೂ ಸಿಗಲಿಲ್ಲ, ಎಲ್ಲೂ ಕಾಣಲಿಲ್ಲ. ಹಾಗಾಗಿ ಹಾಳೆಯ ಮೇಲೆ ‘ಎಲ್ಲೆಲ್ಲೂ’ ಎಂದೇ ಬರೆಯಿರಿ. ಇಲ್ಲದಿದ್ದರೆ ಪದ ಉಲ್ಟಾ ನೆನಪಾಗುವ ಅಪಾಯವಿದೆ.

ಹಂತ 4: ಎಲ್ಲಿ ಹೊಂದುವುದಿಲ್ಲ?

ಪದದ ಅರ್ಥ ಗಟ್ಟಿಯಾಗುವುದು ಅದರ ಎಲ್ಲೆ ಕಂಡಾಗ. ಚೀಟಿಗಳು ಇದಕ್ಕೇ. ಒಂದೊಂದರ ಮೇಲೆ ಒಂದೊಂದು ಬರೆದಿಟ್ಟಿದ್ದೆ. ಅವಳು ಮಾತಾಡಬೇಕಿಲ್ಲ, ಹೌದು ಅನ್ನುವುದನ್ನು ಬಲಕ್ಕೆ, ಅಲ್ಲ ಅನ್ನುವುದನ್ನು ಎಡಕ್ಕೆ ಸರಿಸಿದರೆ ಸಾಕು. ಮಾತು ಆಮೇಲೆ ತಾನಾಗೇ ಬರುತ್ತದೆ.

ಮೊದಲ ಚೀಟಿ: ಗೋದಾಮಿನಲ್ಲಿ ಒಂದು ಲಕ್ಷ ಪೆನ್ನು. ಅವಳು ಬಲಕ್ಕೆ ಸರಿಸಿದಳು.

“ಆ ಗೋದಾಮಿಗೆ ಬೀಗ ಹಾಕಿದೆ ಅಂದುಕೋ. ರಸ್ತೆಯಲ್ಲಿ ಹೋಗುವವರಿಗೆ ಒಂದಾದರೂ ಪೆನ್ನು ಕಾಣುತ್ತಾ?”

“ಇಲ್ಲ.”

“ಹಾಗಾದರೆ?”

ಚೀಟಿ ಎಡಕ್ಕೆ ಬಂತು. “ಜಾಸ್ತಿ ಇದೆ, ಆದರೆ ಒಂದೇ ಕಡೆ ಇದೆ” ಎಂದಳು. ಇದನ್ನು ನಾನು ಇನ್ನೂ ಚೆನ್ನಾಗಿ ಹೇಳಲಾರೆ. ಈ ಪದಕ್ಕೆ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಕಡೆ ಹರಡಿದೆ ಅನ್ನುವುದು ಮುಖ್ಯ.

ಎರಡನೆಯದು: ಸೂರ್ಯ. ಎಲ್ಲಾ ಕಡೆಯಿಂದ ಕಾಣುತ್ತಾನೆ, ಆದರೆ ಒಬ್ಬನೇ, ಒಂದೇ ಜಾಗದಲ್ಲಿದ್ದಾನೆ. ಇದನ್ನು ಅವಳು ಕೇಳದೆಯೇ ಎಡಕ್ಕಿಟ್ಟಳು.

ಮೂರನೆಯದು: ಎಲ್ಲರಿಗೂ ಇಷ್ಟವಾದ ಆಟಗಾರ. ಬಲಕ್ಕೆ ಹೋಯಿತು. ಇಲ್ಲಿ ನಾವು ಹೆಚ್ಚು ಹೊತ್ತು ನಿಂತೆವು. ‘ಪಾಪ್ಯುಲರ್’ ಪದದ ಜೊತೆ ಇದನ್ನು ಬೆರೆಸುವುದು ದೊಡ್ಡವರ ಬರಹದಲ್ಲೂ ಕಾಣುತ್ತದೆ.

“ಜಿರಳೆ ಯುಬಿಕ್ವಿಟಸ್ಸಾ?”

“ಹೌದು ಮೇಡಂ.”

“ಜಿರಳೆ ಯಾರಿಗೆ ಇಷ್ಟ?”

ನಕ್ಕಳು. “ಯಾರಿಗೂ ಇಲ್ಲ.”

“ಆ ಆಟಗಾರನನ್ನು ನಿನ್ನೆ ನೀನು ಹೋದ ನಾಲ್ಕು ಜಾಗದಲ್ಲಿ ನೋಡಿದೆಯಾ?”

“ಇಲ್ಲ. ಅವನ ಫೋಟೋ ನೋಡಿದೆ. ಬಸ್ ಮೇಲೆ, ಪೇಪರಲ್ಲಿ, ಮೊಬೈಲಲ್ಲಿ.”

“ಹಾಗಾದರೆ ಯಾವುದು ಯುಬಿಕ್ವಿಟಸ್?”

“ಫೋಟೋ.”

ಈ ಉತ್ತರ ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಇಂಗ್ಲಿಷಿನಲ್ಲಿ ಒಬ್ಬ ವ್ಯಕ್ತಿಯನ್ನೂ ಯುಬಿಕ್ವಿಟಸ್ ಅನ್ನುವುದುಂಟು. ಹೋದ ಕಡೆಯೆಲ್ಲಾ ಅವರ ಮುಖವೇ ಎದುರಾಗುತ್ತಿದ್ದರೆ ಹಾಗೆ ಹೇಳುತ್ತಾರೆ. ಆದರೆ ಅದು ಪದವನ್ನು ಸ್ವಲ್ಪ ಹಿಗ್ಗಿಸಿದ ಮಾತು. ಮೊದಲ ಪಾಠಕ್ಕೆ ಫೋಟೋ ಸಾಕು.

ನಾಲ್ಕನೆಯದು: ಮೊಬೈಲ್. ಬಲಕ್ಕೆ. ನಾನು ಕೇಳಿದೆ, “ಸಮುದ್ರದ ತಳದಲ್ಲಿ ಇದೆಯಾ?” ಅವಳು ಚೀಟಿಯನ್ನು ವಾಪಸ್ ಎಳೆಯಲು ಕೈ ಹಾಕಿದಳು. ನಾಚಿಕೆಯ ಮಕ್ಕಳು ಹೀಗೆಯೇ. ಒಂದು ಪ್ರಶ್ನೆ ಕೇಳಿದರೆ ಸಾಕು, ಸರಿಯಾದ ಉತ್ತರವನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. “ಅಲ್ಲೇ ಇರಲಿ, ನೀನಿಟ್ಟದ್ದು ಸರಿ” ಎಂದೆ. ಈ ಪದ ಲೆಕ್ಕ ಹಾಕಿ ಹೇಳುವ ‘ಎಲ್ಲೆಲ್ಲೂ’ ಅಲ್ಲ. ‘ಎಲ್ಲಿ ನೋಡಿದರೂ ಅದೇ’ ಎಂದು ನಾವು ಮಾತಿನಲ್ಲಿ ಅನ್ನುತ್ತೇವಲ್ಲ, ಆ ‘ಎಲ್ಲೆಲ್ಲೂ’. ಎಷ್ಟು ದೂರದವರೆಗೆ ಎಂಬ ಗಡಿಯನ್ನು ವಾಕ್ಯವೇ ಹೇಳುತ್ತದೆ: ಕ್ಲಾಸಿನಲ್ಲಿ, ಆಫೀಸುಗಳಲ್ಲಿ, ಇಂದಿನ ಜೀವನದಲ್ಲಿ.

ವಿಜ್ಞಾನಿಗಳು ಹೆಸರಿಡುವಾಗಲೂ ಹೀಗೇ ಸ್ವಲ್ಪ ಹಿಗ್ಗಿಸಿದ್ದಾರೆ. ಜೀವಕೋಶಗಳಲ್ಲಿ ‘ಯುಬಿಕ್ವಿಟಿನ್’ ಎಂಬ ಚಿಕ್ಕ ಪ್ರೋಟೀನ್ ಇದೆ. ನೋಡಿದ ಕಡೆಯೆಲ್ಲಾ ಸಿಕ್ಕಿತು ಎಂದು ಆ ಹೆಸರು ಬಂತು. ಕೆಲಸ ಮುಗಿದ ಪ್ರೋಟೀನುಗಳಿಗೆ ಅದು ಗುರುತು ಹಚ್ಚುತ್ತದೆ, ಕೋಶ ಅವನ್ನು ಒಡೆದುಹಾಕುತ್ತದೆ. ಈ ಕೆಲಸವನ್ನು ಕಂಡುಹಿಡಿದ ಮೂವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಗಿಡ, ಪ್ರಾಣಿ, ಯೀಸ್ಟ್ ಎಲ್ಲದರಲ್ಲೂ ಅದು ಇದೆ, ಆದರೆ ಸಾಮಾನ್ಯ ಬ್ಯಾಕ್ಟೀರಿಯಾಗಳಲ್ಲಿ ಇಲ್ಲ. ಹೆಸರು ಮಾತ್ರ ಹಾಗೇ ಉಳಿಯಿತು. ವಿಜ್ಞಾನ ಇಷ್ಟಪಡುವ ಮಗುವಾದರೆ ಇದನ್ನು ಹೇಳಿ, ಪದಕ್ಕೆ ಇನ್ನೊಂದು ಕೊಕ್ಕೆ ಸಿಕ್ಕಂತಾಗುತ್ತದೆ.

ಕೊನೆಯ ಚೀಟಿಯಲ್ಲಿ ‘ದೇವರು’ ಎಂದಿತ್ತು. ಅವಳು ಅದನ್ನು ಮುಟ್ಟಲೇ ಇಲ್ಲ.

“ನಾನು ಬರೆದಿದ್ದು ತಪ್ಪು ಅಲ್ವಾ ಮೇಡಂ?”

“ತಪ್ಪಲ್ಲ. ಹಳೆಯದು. 16ನೇ ಶತಮಾನದ ಯೂರೋಪಿನಲ್ಲಿ ‘ಯುಬಿಕ್ವಿಟಿ’ ಅನ್ನುವ ನಾಮಪದ ದೇವರ ಮಾತಿನಲ್ಲೇ ಇತ್ತು. ಕ್ರಿಸ್ತನ ದೇಹ ಎಲ್ಲಾ ಕಡೆ ಇದೆಯೋ ಇಲ್ಲವೋ ಅಂತ ಕ್ರೈಸ್ತ ಧರ್ಮದ ಸುಧಾರಕ ಲೂಥರನ ಅನುಯಾಯಿಗಳಿಗೂ ಬೇರೆಯವರಿಗೂ ದೊಡ್ಡ ವಾದವೇ ನಡೆದಿತ್ತು. ಈಗಿನವರು ದೇವರಿಗೆ ‘ಆಮ್ನಿಪ್ರೆಸೆಂಟ್’ ಅನ್ನುತ್ತಾರೆ. ನೀನು ಹಿಡಿದ ಪದ ಈಗ ಸಾಮಾನಿನ ಕಡೆಗೆ ಬಂದಿದೆ.”

ಅವಳು ಚೀಟಿಯನ್ನು ಬಲಕ್ಕೂ ಇಡಲಿಲ್ಲ, ಎಡಕ್ಕೂ ಇಡಲಿಲ್ಲ, ನಡುವೆ ಇಟ್ಟಳು. ಅದರ ಜಾಗ ಅದೇ.

ಹಂತ 5: ವಾಕ್ಯ ಕಟ್ಟುವುದು

ಈಗ ಬರೆಸಿ. ಮೂರು ವಾಕ್ಯ ಸಾಕು, ಅವಳೇ ಆರಿಸಿದ ಸಾಮಾನಿನ ಮೇಲೆ. ಇವಳು ಮೊದಲು ಬರೆದದ್ದು: ‘ಮೈ ಸ್ಕೂಲ್ ಈಸ್ ಯುಬಿಕ್ವಿಟಸ್ ವಿತ್ ಡಸ್ಟ್.’ ಶಾಲೆಯ ತುಂಬಾ ಧೂಳು ಎಂದು ಹೇಳಲು ಹೋಗಿ ಹೀಗಾಗಿದೆ. ‘ಫುಲ್’ ಇದ್ದ ಜಾಗದಲ್ಲಿ ಹೊಸ ಪದವನ್ನು ಕೂರಿಸಿದ್ದಾಳೆ. ಈ ತಪ್ಪು ತುಂಬಾ ಸಾಮಾನ್ಯ. ಕೆಂಪು ಗೆರೆ ಎಳೆಯಬೇಡಿ, ಒಂದು ಪ್ರಶ್ನೆ ಕೇಳಿ.

“ಎಲ್ಲೆಲ್ಲೂ ಇರೋದು ಯಾವುದು? ಬೆರಳಿಡು.”

‘ಡಸ್ಟ್’ ಮೇಲೆ ಬೆರಳಿಟ್ಟಳು.

“ಹಾಗಾದರೆ ವಾಕ್ಯ ಅದರಿಂದಲೇ ಶುರುವಾಗಲಿ.”

ತಿದ್ದಿ ಬರೆದಳು: ‘ಡಸ್ಟ್ ಈಸ್ ಯುಬಿಕ್ವಿಟಸ್ ಇನ್ ಮೈ ಸ್ಕೂಲ್.’ ಯುಬಿಕ್ವಿಟಸ್ ಆಗುವುದು ವಸ್ತು, ಜಾಗ ಅಲ್ಲ. ಜಾಗ ಹಿಂದೆ ‘ಇನ್’ ಜೊತೆ ಬರುತ್ತದೆ. ಇದೊಂದು ಕೂತರೆ ಅರ್ಧ ತಪ್ಪು ಹೋಗುತ್ತದೆ.

ಎರಡನೆಯ ವಾಕ್ಯ: ‘ಪ್ಲಾಸ್ಟಿಕ್ ಈಸ್ ವೆರಿ ಯುಬಿಕ್ವಿಟಸ್ ಎವ್ರಿವೇರ್.’ ಇಲ್ಲಿ ‘ಎವ್ರಿವೇರ್’ ಬೇಡ, ಅದು ಪದದ ಹೊಟ್ಟೆಯೊಳಗೇ ಇದೆ. ಹಾಳೆಯ ಮೇಲಿನ ‘ಎಲ್ಲೆಲ್ಲಿ + ಊ’ ತೋರಿಸಿದೆ, ಅವಳೇ ಹೊಡೆದುಹಾಕಿದಳು. ‘ವೆರಿ’ ಕೂಡ ಚೆನ್ನಾಗಿ ಕೂರುವುದಿಲ್ಲ. ಎಲ್ಲೆಲ್ಲೂ ಇರುವುದು ಇನ್ನೂ ಜಾಸ್ತಿ ಎಲ್ಲೆಲ್ಲೂ ಇರುವುದು ಹೇಗೆ? ಬದಲಿಗೆ ‘ಆಲ್ಮೋಸ್ಟ್’ ಬರಬಹುದು, ದಿನೇ ದಿನೇ ಹರಡುತ್ತಿರುವುದಕ್ಕೆ ‘ಇನ್‌ಕ್ರೀಸಿಂಗ್ಲಿ’ ಬರಬಹುದು.

ಇನ್ನೊಂದು ಬಳಕೆಯನ್ನು ನಾನೇ ತೋರಿಸಿದೆ. ಪದವನ್ನು ವಸ್ತುವಿನ ಮುಂದೆಯೇ ಇಟ್ಟು ‘ದಿ ಯುಬಿಕ್ವಿಟಸ್ ಮೊಬೈಲ್’ ಎಂದರೆ ದನಿ ಸ್ವಲ್ಪ ಬದಲಾಗುತ್ತದೆ. ‘ಇದ್ದೇ ಇರುತ್ತಲ್ಲ ಆ ಮೊಬೈಲು’ ಅನ್ನುವ ಹಾಗೆ, ನೋಡಿ ನೋಡಿ ಸಾಕಾದವರ ಛಾಯೆ ಅದರಲ್ಲಿ ಬರಬಹುದು. ಆಡುಮಾತಿನಲ್ಲಿ ಪದ ಸ್ವಲ್ಪ ಭಾರ ಎಂಬುದನ್ನೂ ಹೇಳಿ. ಗೆಳತಿಯ ಜೊತೆ ಮಾತಿಗೆ ‘ಎವ್ರಿವೇರ್’ ಸಾಕು, ಪ್ರಬಂಧಕ್ಕೆ ಯುಬಿಕ್ವಿಟಸ್ ಒಪ್ಪುತ್ತದೆ.

ಹಂತ 6: ಮರುದಿನ, ಮತ್ತೆ ಒಂದು ವಾರಕ್ಕೆ

ಪಾಠದ ಕೊನೆಯಲ್ಲಿ ಗೊತ್ತಿರುವುದು ಮರುದಿನಕ್ಕೆ ಅರ್ಧ ಹೋಗಿರುತ್ತದೆ. ಹಾಗಾಗಿ ಎರಡು ಸಲ ಕೇಳಿ. ಆದರೆ ಪದ ತೋರಿಸಿ ಅರ್ಥ ಕೇಳಬೇಡಿ. ಸಂಗತಿ ಹೇಳಿ ಪದ ಕೇಳಿ. “ಯಾವ ಡ್ರಾಯರ್ ಎಳೆದರೂ ಒಂದು ಹಳೆಯ ಚಾರ್ಜರ್ ಸಿಗುತ್ತೆ. ಆ ಚಾರ್ಜರಿಗೆ ಏನಂತೀವಿ?” ಪದ ಅರ್ಧ ನೆನಪಾದರೆ ‘ಬಿಕ್ವಿ...’ ಎಂದು ನಡುವಿನಿಂದ ಬರುತ್ತದೆ. ಆಗ ಮುಂದಿನ ‘ಯು’ ಒಂದನ್ನೇ ಕೊಡಿ. ಏನೂ ಬಾರದಿದ್ದರೆ ‘ಎಲ್ಲೆಲ್ಲಿ + ಊ’ ಎಂದು ಬರೆದು ಮುಂದಿಡಿ.

ನಿಜವಾಗಿ ಬಂದಿದೆ ಎಂದು ತಿಳಿಯುವುದು ಮಗು ನೀವು ಕೊಡದ ಉದಾಹರಣೆ ತಂದಾಗ. ಮೊಬೈಲ್, ಪ್ಲಾಸ್ಟಿಕ್ಕನ್ನೇ ಮತ್ತೆ ಹೇಳಿದರೆ ಅದು ನಿಮ್ಮ ಪಾಠದ ನೆನಪು ಮಾತ್ರ. ಆಗ ಚೀಟಿಗಳನ್ನು ಇನ್ನೊಮ್ಮೆ ತೆಗೆಯಿರಿ, ಹೊಸದು ಬರೆದು ಆಡಿಸಿ.

ಒಂದು ವಾರ ಕಳೆದು ಆ ಹುಡುಗಿ ಬಂದಾಗ ನಾನು ಏನೂ ಕೇಳಿರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು, ಕೊನೆಯ ಪುಟ ತೆರೆದು ನನ್ನ ಕಡೆ ತಳ್ಳಿದಳು. ಅಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲಿತ್ತು. ಬಾಯಿಬಿಟ್ಟು ಓದು ಎಂದೆ. ಮೆಲ್ಲಗೆ, ‘ಬಿ’ ಮೇಲೆ ಸರಿಯಾಗಿ ಒತ್ತು ಹಾಕಿ ಓದಿದಳು: ‘ಹೇರ್‌ಪಿನ್ಸ್ ಆರ್ ಯುಬಿಕ್ವಿಟಸ್ ಇನ್ ಅವರ್ ಹೌಸ್, ಎಕ್ಸೆಪ್ಟ್ ವೆನ್ ಐ ನೀಡ್ ಒನ್.’